ಫೆರಿಟಿನ್ನಿನ ಲೆಕ್ಕ ತಪ್ಪುವುದೆಲ್ಲಿ?

ವರ್ಷಗಳಿಂದ ಸಂಧಿವಾತಕ್ಕೆ ತುತ್ತಾದ ಗೃಹಿಣಿಯೊಬ್ಬಳಿಗೆ ಮೆಟ್ಟಿಲೇರಿದರೆ ಏದುಸಿರು. ಹಿಮೋಗ್ಲೋಬಿನ್ 9ಕ್ಕಿಳಿದಿದೆ. ಆದರೆ ದೇಹದ ಕಬ್ಬಿಣದ ದಾಸ್ತಾನನ್ನು ಸೂಚಿಸುವ ಫೆರಿಟಿನ್ ಲೀಟರಿಗೆ 60 ಮೈಕ್ರೋಗ್ರಾಂ. ವರದಿಯ ಪ್ರಕಾರ ಸಹಜ! ಹಾಗಾದರೆ ಕಬ್ಬಿಣದ ಕೊರತೆಯಿಲ್ಲವೆ?

ಫೆರಿಟಿನ್ ಎಂಬುದು ಜೀವಕೋಶಗಳು ಕಬ್ಬಿಣವನ್ನು ಕೂಡಿಡುವ ಪ್ರೋಟೀನು. ದಾಸ್ತಾನು ಕರಗಿದಂತೆ ರಕ್ತದಲ್ಲಿ ಅದರ ಪ್ರಮಾಣವೂ ಇಳಿಯುತ್ತದೆ. ಆದರೆ ಉರಿಯೂತವಿದ್ದಾಗ, ದಾಸ್ತಾನು ಹೇಗೇ ಇರಲಿ, ದೇಹವು ಫೆರಿಟಿನ್ನನ್ನು ಹೆಚ್ಚಾಗಿ ತಯಾರಿಸುತ್ತದೆ. ಕೊರತೆಯು ಇಳಿಸಿದ ಅಂಕಿಯನ್ನು ಉರಿಯೂತವು ಮೇಲೆತ್ತಿಬಿಡುತ್ತದೆ.

ಆದಕಾರಣವೇ ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ಎರಡು ಗಡಿಗಳನ್ನು ಗೊತ್ತುಪಡಿಸಿತು: ಆರೋಗ್ಯವಂತರಿಗೆ 15, ಸೋಂಕು ಅಥವಾ ಉರಿಯೂತವುಳ್ಳವರಿಗೆ 70. ಈ ಗೃಹಿಣಿಯ ಸಿ-ರಿಯಾಕ್ಟಿವ್ ಪ್ರೋಟೀನೂ ಏರಿದ್ದು, ಉರಿಯೂತವಿರುವುದು ಖಚಿತವಾಗಿದೆ. ಆಕೆಯನ್ನು ಅಳೆಯಬೇಕಾದುದು ಎರಡನೆಯ ಗಡಿಯಿಂದ. ಅದರಂತೆ 60 ಎಂದರೆ ಕೊರತೆಯೇ.