‘ಹೂಂ’ ಅಂದದ್ದೆಲ್ಲ ಒಪ್ಪಿಗೆಯಲ್ಲ

ಮಾರ್ಚ್ ಬಂತೆಂದರೆ ಕಂಪನಿಗಳಲ್ಲಿ ಅಪ್ರೈಸಲ್ ಕಾಲ. ಮ್ಯಾನೇಜರ್ ಮತ್ತು ನೌಕರರು ಎದುರುಬದುರು ಕೂತು ಮುಕ್ಕಾಲು ಗಂಟೆ ಮಾತಾಡುತ್ತಾರೆ. ಈಗ ಹಲವೆಡೆ ಇಬ್ಬರಿಗೂ ತಿಳಿಸಿ ಆ ಮಾತನ್ನು ರೆಕಾರ್ಡ್ ಮಾಡಿಕೊಳ್ಳುವುದೂ ಉಂಟು. ಆಮೇಲೆ ಎಚ್‌ಆರ್‌ನವರು ಅದನ್ನು ಕೇಳಿ ಒಂದು ಪುಟಕ್ಕೆ ಇಳಿಸಿ ನೌಕರರ ಫೈಲಿಗೆ ಸೇರಿಸುತ್ತಾರೆ. ಮುಂದಿನ ವರ್ಷದ ಇನ್‌ಕ್ರಿಮೆಂಟ್, ಬಡ್ತಿಯ ಮಾತು ಬಂದಾಗ ರೆಕಾರ್ಡಿಂಗನ್ನು ಯಾರೂ ಕೇಳುವುದಿಲ್ಲ, ಆ ಪುಟವನ್ನೇ ನೋಡುತ್ತಾರೆ.

ಪೀಣ್ಯದ ಒಂದು ಬಿಡಿಭಾಗದ ಕಾರ್ಖಾನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅಲ್ಲಿ ಮೂರು ವರ್ಷದಿಂದ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿರುವ ಹೆಣ್ಣುಮಗಳೊಬ್ಬಳ ಅಪ್ರೈಸಲ್ 42 ನಿಮಿಷ ನಡೆದಿದೆ. ಹನ್ನೆರಡನೇ ನಿಮಿಷದಲ್ಲಿ ಮ್ಯಾನೇಜರ್ ಹೇಳುತ್ತಾರೆ: “ಈ ವರ್ಷ ಸಿಎಂಎಂ ಮೆಷಿನ್ ನೀವೇ ನೋಡ್ಕೋಬೇಕಮ್ಮ.” ಆಕೆ “ಹೂಂ ಸರ್” ಅನ್ನುತ್ತಾಳೆ. ಅವಸರದಲ್ಲಿರುವವರು ಇಲ್ಲಿಗೇ ಪೆನ್ನು ಎತ್ತಿ, ‘ಸಿಎಂಎಂ ಜವಾಬ್ದಾರಿ ಹೊರಲು ಒಪ್ಪಿದ್ದಾರೆ’ ಎಂದು ಬರೆದುಬಿಡುತ್ತಾರೆ. ಆದರೆ ನಮ್ಮ ಮಾತಿನಲ್ಲಿ ‘ಹೂಂ’ಗೆ ‘ಕೇಳಿಸಿಕೊಳ್ಳುತ್ತಿದ್ದೇನೆ, ಮುಂದೆ ಹೇಳಿ’ ಅನ್ನುವ ಅರ್ಥವೇ ಹೆಚ್ಚು. ಕಥೆ ಕೇಳುವ ಮಗುವೂ ಹೂಂಗುಟ್ಟುತ್ತದೆ.

ನಿಜವಾದ ಒಪ್ಪಿಗೆ ಇರುವುದು ಮೂವತ್ತೊಂದನೇ ನಿಮಿಷದಲ್ಲಿ. “ಸರ್, ಅದರ ಪ್ರೋಗ್ರಾಂ ಬರೆಯೋಕೆ ನನಗೆ ಬರಲ್ಲ. ಟ್ರೇನಿಂಗ್ ಕೊಟ್ರೆ ಮಾಡ್ತೀನಿ.” “ಆಯ್ತು, ಜೂನ್ ಒಳಗೆ ಕಳಿಸ್ತೀನಿ. ಸೆಪ್ಟೆಂಬರ್ ಹೊತ್ತಿಗೆ ನೀವೊಬ್ಬರೇ ಮಾಡೋ ಹಾಗಾಗಬೇಕು.” “ಸರಿ ಸರ್, ಸೆಪ್ಟೆಂಬರ್ ಆಗತ್ತೆ.” ಇಲ್ಲಿ ಗುರಿ ಒಂದೇ ಆದರೂ ಮಾತು ಕೊಟ್ಟವರು ಇಬ್ಬರು. ಆದ್ದರಿಂದ ಸಾರಾಂಶದಲ್ಲೂ ಇಬ್ಬರೂ ಇರಬೇಕು: ‘ಜೂನ್ 30ರೊಳಗೆ ಸಿಎಂಎಂ ತರಬೇತಿಗೆ ಕಳಿಸುವುದು, ಹೊಣೆ ಮ್ಯಾನೇಜರ್. ಸೆಪ್ಟೆಂಬರ್ 30ರೊಳಗೆ ಯಾರ ನೆರವಿಲ್ಲದೆ ಪ್ರೋಗ್ರಾಂ ಬರೆದು ಅಳತೆ ತೆಗೆಯುವುದು, ಹೊಣೆ ನೌಕರಳು.’ ಗುರಿಗಳು ‘ಸ್ಮಾರ್ಟ್’ ಆಗಿರಬೇಕು ಎಂಬ ಸೂತ್ರವನ್ನು ಎಲ್ಲರೂ ಕೇಳಿರುತ್ತಾರೆ. 1981ರಲ್ಲಿ ಜಾರ್ಜ್ ಡೊರಾನ್ ಅದನ್ನು ಬರೆದಾಗ ಅದರಲ್ಲಿನ ‘ಎ’ ಅಕ್ಷರ ‘ಯಾರು ಮಾಡಬೇಕು’ ಎಂಬುದನ್ನು ಸೂಚಿಸುತ್ತಿತ್ತು. ಕಾಲಕ್ರಮೇಣ ಅದು ಹೆಚ್ಚಾಗಿ ‘ಸಾಧಿಸಬಹುದಾದದ್ದು’ ಎಂದಾಗಿದೆ. ಹಳೆಯ ಅರ್ಥವೇ ಹೆಚ್ಚು ಉಪಯೋಗದ್ದು ಎಂದು ನನಗನ್ನಿಸುತ್ತದೆ.

ಧ್ವನಿಯನ್ನು ಬರಹಕ್ಕಿಳಿಸುವಾಗ ಕನ್ನಡದ್ದೇ ಆದ ಒಂದು ಅಪಾಯವಿದೆ. ನಮ್ಮಲ್ಲಿ ಹೌದು–ಅಲ್ಲಗಳು ಕ್ರಿಯಾಪದದ ಬಾಲದಲ್ಲಿರುತ್ತವೆ: ಆಗತ್ತೆ, ಆಗಲ್ಲ. ಮೇಲಧಿಕಾರಿಯ ಎದುರು ಕೂತವರು ಆ ಬಾಲವನ್ನೇ ನುಂಗುತ್ತಾರೆ. ಹಿಂದೆ ಲೇತ್ ಮೆಷಿನ್ನಿನ ಸದ್ದಿದ್ದರೆ ಕೇಳುವುದೇ ಬೇಡ. ಹಾಗಾಗಿ ಗುರಿ, ಅಂಕಿ, ತಾರೀಖು ಇರುವ ಸಾಲುಗಳನ್ನಾದರೂ ಬರಹ ನಂಬದೆ ಕಿವಿಗೊಟ್ಟು ಮತ್ತೆ ಕೇಳಬೇಕು. ಕರಡಿನಲ್ಲಿ ಪ್ರತಿ ಸಾಲಿನ ಪಕ್ಕ ಅದು ಎಷ್ಟನೇ ನಿಮಿಷದ ಮಾತು ಎಂದು ಬರೆದಿಟ್ಟರೆ ತಕರಾರು ಬಂದಾಗ ಹುಡುಕುವ ಕೆಲಸ ತಪ್ಪುತ್ತದೆ.

ಸುಧಾರಣೆಯ ಭಾಗ ಇನ್ನೂ ನಾಜೂಕು. ಮ್ಯಾನೇಜರ್ ಒಂದು ಕಡೆ “ನೀವು ಸ್ವಲ್ಪ ಸ್ಲೋ” ಅಂದಿದ್ದಾರೆ. ಅದನ್ನು ಹಾಗೇ ಬರೆದರೆ ಆಕೆಯ ಸ್ವಭಾವಕ್ಕೆ ಮುದ್ರೆ ಒತ್ತಿದಂತೆ. ಮುಂದಿನ ಮಾತುಗಳನ್ನು ಕೇಳಿದರೆ ವಿಷಯ ಬೇರೆಯೇ: ರಿಜೆಕ್ಷನ್ ರಿಪೋರ್ಟ್ ಮರುದಿನ ಬರುತ್ತಿದೆ, ಅಷ್ಟರಲ್ಲಿ ರಾತ್ರಿ ಶಿಫ್ಟಿನವರು ಅದೇ ತಪ್ಪಿನ ಪೀಸುಗಳನ್ನು ಮತ್ತೆ ತೆಗೆದಿರುತ್ತಾರೆ. ಆಕೆಯ ಉತ್ತರವೂ ಅಲ್ಲೇ ಇದೆ: ಇರುವ ಒಂದೇ ಕಂಪ್ಯೂಟರನ್ನು ಸ್ಟೋರ್ಸ್‌ನವರ ಜೊತೆ ಹಂಚಿಕೊಳ್ಳಬೇಕು. ‘ರಿಜೆಕ್ಷನ್ ರಿಪೋರ್ಟ್ ಅದೇ ಶಿಫ್ಟಿನಲ್ಲಿ ಕೊಡುವಂತಾಗಬೇಕು, ಕಂಪ್ಯೂಟರ್ ಸಿಗದಿರುವುದು ಅಡ್ಡಿ ಎಂದು ನೌಕರಳು ತಿಳಿಸಿದ್ದಾರೆ’ ಎಂದು ಬರೆದರೆ ಎರಡು ಕಡೆಯ ಮಾತೂ ಉಳಿಯಿತು. ಇದನ್ನು ಒಪ್ಪಿದಳೇ? “ನೋಡೋಣ ಸರ್” ಅಂದಿದ್ದಾಳೆ. ‘ನೋಡೋಣ’ ಎಂಬುದು ಮುಕ್ಕಾಲುಪಾಲು ಇಲ್ಲವೆಂದೇ ಅಂತ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಅದು ಒಪ್ಪಿದ ಗುರಿಗಳ ಸಾಲಿಗೆ ಸೇರುವುದಿಲ್ಲ; ‘ಇನ್ನೂ ತೀರ್ಮಾನವಾಗದ್ದು’ ಎಂಬ ಪ್ರತ್ಯೇಕ ತಲೆಬರಹದ ಕೆಳಗೆ ಹೋಗುತ್ತದೆ.

ಬಿಡಬೇಕಾದದ್ದೂ ಇದೆ. ರಾತ್ರಿ ಶಿಫ್ಟ್ ಯಾಕೆ ಕಷ್ಟ ಎನ್ನುವಾಗ ಆಕೆ ತಾಯಿಯ ಡಯಾಲಿಸಿಸ್ ವಿಷಯ ಹೇಳಿಕೊಂಡಿದ್ದಾಳೆ. ಅದು ಕೂತು ಕೇಳಿದವರ ಮೇಲಿನ ನಂಬಿಕೆಯಿಂದ ಬಂದ ಮಾತು, ಫೈಲಿಗೆ ಹೇಳಿದ್ದಲ್ಲ. ‘ಶಿಫ್ಟ್ ಬಗ್ಗೆ ಬೇರೆಯಾಗಿ ಮಾತಾಡುವುದು’ ಎಂದರೆ ಸಾಕು. ಸಹೋದ್ಯೋಗಿಯ ಹೆಸರೆತ್ತಿ ಮಾಡಿದ ಹೋಲಿಕೆಗೂ ಅಲ್ಲಿ ಜಾಗವಿಲ್ಲ.

ಕರಡು ಸಿದ್ಧವಾದ ಮೇಲೆ ಮೊದಲು ಓದಬೇಕಾದವಳು ಆಕೆಯೇ, ಅದೂ ಮಾತುಕತೆಯ ನೆನಪು ಹಸಿಯಾಗಿರುವಾಗ. ಸಹಿ ಎಂದರೆ ಓದಿದ್ದೇನೆ ಎಂದೋ, ಒಪ್ಪಿದ್ದೇನೆ ಎಂದೋ ಎಂಬುದನ್ನು ಪುಟದಲ್ಲೇ ಬರೆದಿರಬೇಕು, ಕೆಳಗೆ ಆಕೆಯ ಮಾತಿಗೆ ನಾಲ್ಕು ಸಾಲು ಖಾಲಿ ಬಿಟ್ಟಿರಬೇಕು. ನಮ್ಮ ಇನ್‌ಸ್ಪೆಕ್ಟರ್ ಅಲ್ಲಿ ಒಂದೇ ಸಾಲು ಬರೆದಳು: ‘ಟ್ರೇನಿಂಗ್ ಎಷ್ಟು ದಿನ ತಡವಾಗುತ್ತದೋ ಸೆಪ್ಟೆಂಬರ್ 30 ಕೂಡ ಅಷ್ಟೇ ದಿನ ಮುಂದೆ ಹೋಗಬೇಕು.’ ಮ್ಯಾನೇಜರ್ ಎರಡು ಸಲ ಓದಿ, ಆ ಸಾಲಿನ ಪಕ್ಕದಲ್ಲೇ ಸಹಿ ಹಾಕಿದರು.