ಲ್ಯಾಪ್‌ಟಾಪಿನ ಕಾವಿಗೆ ಮಿಲಿವೋಲ್ಟ್ ಲೆಕ್ಕ

2018ರಲ್ಲಿ ಬಂದ ಇಂಟೆಲ್ ಕೋರ್ ಐ7-8750ಎಚ್ ಚಿಪ್ಪಿನ ಗೇಮಿಂಗ್ ಲ್ಯಾಪ್‌ಟಾಪುಗಳು ಈಗಲೂ ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಸಿಗುತ್ತವೆ. ಆರು ಕೋರಿನ ಈ ಚಿಪ್ಪು ಚುರುಕಾಗಿದ್ದರೂ ಬೇಗ ಕಾಯುತ್ತದೆ. 100 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದರೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಆಡುತ್ತಿದ್ದ ಗೇಮು ತಡವರಿಸುತ್ತದೆ. ಮೊದಲು ಫ್ಯಾನಿನ ಧೂಳು ತೆಗೆಸಿ, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಬೇಕು. ಅದಾದ ಮೇಲೂ ಕಾವು ಇಳಿಯದಿದ್ದರೆ ಅಂಡರ್‌ವೋಲ್ಟಿಂಗ್ ಮಾಡಿ ನೋಡಬಹುದು.

ಒಂದೇ ಮಾದರಿಯ ಎರಡು ಚಿಪ್ಪುಗಳು ತದ್ರೂಪಿಯಾಗಿರುವುದಿಲ್ಲ. ಇದ್ದುದರಲ್ಲೇ ಬಡಕಲು ಚಿಪ್ಪೂ ತಪ್ಪಿಲ್ಲದೆ ಓಡಲಿ ಎಂದು ಕಂಪನಿ ಎಲ್ಲಕ್ಕೂ ವೋಲ್ಟೇಜನ್ನು ಒಂದಿಷ್ಟು ಹೆಚ್ಚಾಗಿಯೇ ಕೊಟ್ಟಿರುತ್ತದೆ. ಆ ಹೆಚ್ಚುವರಿಯನ್ನು ಕಳೆಯುವುದೇ ಅಂಡರ್‌ವೋಲ್ಟಿಂಗ್. ಚಿಪ್ಪು ಕೆಲಸ ಮಾಡುವಾಗ ನುಂಗುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುವುದರಿಂದ, ಅದೇ ವೇಗದಲ್ಲಿ 1.1 ವೋಲ್ಟನ್ನು 1.0ಕ್ಕೆ ಇಳಿಸಿದರೆ ಆ ಖರ್ಚು ಸುಮಾರು 17 ಶೇಕಡ ಉಳಿಯುತ್ತದೆ. ವೇಗವನ್ನು ಬಿಟ್ಟುಕೊಡಬೇಕಾಗಿಲ್ಲ.

ವಿಂಡೋಸ್‌ನಲ್ಲಿ ಇದಕ್ಕೆ ಹೆಚ್ಚಿನವರು ಬಳಸುವುದು ಥ್ರಾಟಲ್‌ಸ್ಟಾಪ್ ಎಂಬ ಉಚಿತ ತಂತ್ರಾಂಶವನ್ನು. ಅದರ FIVR ಕಿಟಕಿಯಲ್ಲಿ CPU Core ಮತ್ತು CPU Cache ಎರಡಕ್ಕೂ ಒಂದೇ ಅಂಕಿ ಕೊಡಬೇಕು. ಈ ಪೀಳಿಗೆಯಲ್ಲಿ ಒಂದನ್ನೇ ಇಳಿಸಿದರೆ ಸಾಮಾನ್ಯವಾಗಿ ಪರಿಣಾಮ ಕಾಣುವುದಿಲ್ಲ. −50 ಮಿಲಿವೋಲ್ಟಿನಿಂದ ಶುರುಮಾಡಿ, ಹತ್ತು ಹತ್ತಾಗಿ ಇಳಿಸುತ್ತ, ಪ್ರತಿ ಸಲವೂ ಅದರಲ್ಲೇ ಇರುವ TS Bench ಪರೀಕ್ಷೆ ಓಡಿಸಿ. ತಪ್ಪಿನ ಎಣಿಕೆ ಸೊನ್ನೆಯಲ್ಲೇ ಇರಬೇಕು. −130ಕ್ಕೆ ತಪ್ಪು ಕಾಣಿಸಿತು ಅನ್ನಿ, ಆಗ −120ಕ್ಕೆ ನಿಲ್ಲುವುದು ಆಸೆಬುರುಕತನ, −110ಕ್ಕೆ ಬನ್ನಿ. ಪಕ್ಕದ ಮನೆಯವರ ಲ್ಯಾಪ್‌ಟಾಪಿನ ಅಂಕಿ ನಿಮ್ಮದಕ್ಕೆ ಹೊಂದಬೇಕೆಂದಿಲ್ಲ.

ಭಾರದ ಕೆಲಸದಲ್ಲಿ ಗೆದ್ದ ಅಂಕಿ ಸುಮ್ಮನಿದ್ದಾಗ ಕೈಕೊಡುವುದುಂಟು. ಸ್ಲೀಪ್‌ನಿಂದ ಎಬ್ಬಿಸಿದಾಗ, ಬ್ರೌಸರ್ ತೆರೆದಾಗ ನೀಲಿ ಪರದೆ ಬಂದರೆ ಅನುಮಾನ ಮೊದಲು ವೋಲ್ಟೇಜಿನ ಮೇಲೆಯೇ ಬರಬೇಕು. ಮುನ್ಸೂಚನೆ ಬೇಕಿದ್ದರೆ ವಿಂಡೋಸ್‌ನ Event Viewer ತೆರೆದು WHEA-Logger ಹೆಸರಿನ ನಮೂದುಗಳಿವೆಯೇ ನೋಡಿ. ವೋಲ್ಟೇಜ್ ಇಳಿಸಿದ್ದರಿಂದ ಚಿಪ್ಪು ಸುಡುವುದಿಲ್ಲ, ಯಂತ್ರ ಆರಿಸಿ ಹಚ್ಚಿದರೆ ಹಳೆಯ ಸ್ಥಿತಿಗೆ ಮರಳುತ್ತದೆ. ನಿಜವಾದ ಅಪಾಯ ಕಡತಗಳಿಗೆ. ತಪ್ಪು ಲೆಕ್ಕ ಸದ್ದಿಲ್ಲದೆ ಡಿಸ್ಕಿಗೆ ಬರೆದುಹೋಗಬಹುದು. ಆದ್ದರಿಂದ ಬ್ಯಾಕಪ್ ಇರಲಿ, ಪರೀಕ್ಷೆ ನಡೆಯುವಾಗ ಮುಖ್ಯ ಕೆಲಸ ತೆರೆದಿರದಿರಲಿ. ನಾಲ್ಕಾರು ದಿನ ಬಳಸಿ ನೋಡದೆ, ಯಂತ್ರ ಹಚ್ಚಿದೊಡನೆ ಈ ಅಂಕಿ ತಾನಾಗಿ ಜಾರಿಯಾಗುವಂತೆ ಮಾಡಲೇಬೇಡಿ.

ಇಷ್ಟೆಲ್ಲ ಮಾಡಿದರೂ ತಾಪಮಾನ ಇಳಿಯಲೇ ಇಲ್ಲ ಎಂದು ಗೊಣಗುವವರಿದ್ದಾರೆ. ಈ ಚಿಪ್ಪಿಗೆ ದೀರ್ಘಕಾಲದ ಮಿತಿ 45 ವ್ಯಾಟ್. ವಿಡಿಯೊ ರೆಂಡರಿಂಗ್‌ನಂಥ ಕೆಲಸದಲ್ಲಿ ಅದು ಮೊದಲೇ ಆ ಮಿತಿಗೆ ತಾಗಿ ನಿಂತಿದ್ದರೆ, ಉಳಿತಾಯವನ್ನೆಲ್ಲ ವೇಗ ಹೆಚ್ಚಿಸಿಕೊಳ್ಳಲು ಬಳಸಿ ಮತ್ತೆ 45 ವ್ಯಾಟನ್ನೇ ನುಂಗುತ್ತದೆ. ಕೆಲಸ ಬೇಗ ಮುಗಿಯುತ್ತದೆ, ಕಾವು ಅಷ್ಟೇ ಇರುತ್ತದೆ. ತಂಪೇ ಮುಖ್ಯವಾದರೆ ಆ ಮಿತಿಯನ್ನೂ, ಅಂದರೆ PL1 ಅಂಕಿಯನ್ನು, 35ಕ್ಕೆ ಇಳಿಸಬೇಕು. ಫ್ರೇಮುಗಳಿಗೆ ಮಿತಿ ಹಾಕಿ ಆಡುವ ಗೇಮಿನಲ್ಲಾದರೆ ಅಂಡರ್‌ವೋಲ್ಟಿನ ಲಾಭ ನೇರವಾಗಿ ತಾಪಮಾನದಲ್ಲೇ ಕಾಣುತ್ತದೆ.

ಹುಟ್ಟಿದ ಬಿಸಿಯನ್ನು ಹೊರಹಾಕುವುದು ಫ್ಯಾನಿನ ಪಾಲು. ಎಷ್ಟು ಬಿಸಿಗೆ ಎಷ್ಟು ವೇಗ ಎಂಬ ಪಟ್ಟಿಯೇ ಫ್ಯಾನ್ ಕರ್ವ್. ಎಸ್ಯೂಸ್ ಯಂತ್ರಗಳಿಗೆ ಜಿ-ಹೆಲ್ಪರ್, ಲೆನೊವೊ ಲೀಜನ್‌ಗೆ ಲೀಜನ್ ಟೂಲ್‌ಕಿಟ್, ಬೇರೆ ಹಲವಕ್ಕೆ ನೋಟ್‌ಬುಕ್ ಫ್ಯಾನ್‌ಕಂಟ್ರೋಲ್ ಇದೆ. ಉದಾಹರಣೆಗೆ 60 ಡಿಗ್ರಿಗೆ 40 ಶೇಕಡ, 75ಕ್ಕೆ 65, 88ಕ್ಕೆ ಪೂರ್ತಿ ವೇಗ. ಏರುವ ಮತ್ತು ಇಳಿಯುವ ಗುರುತುಗಳ ನಡುವೆ ಎಂಟು ಡಿಗ್ರಿಯಷ್ಟು ಅಂತರವಿಡಿ. 60ಕ್ಕೆ ಏರಿದ ಫ್ಯಾನು 52ಕ್ಕೆ ಬಂದ ಮೇಲೆ ತಗ್ಗಲಿ. ಇಲ್ಲದಿದ್ದರೆ ಗಳಿಗೆಗೊಮ್ಮೆ ರೊಯ್ಯೆಂದು ಎದ್ದು ಸುಮ್ಮನಾಗುತ್ತಾ ತಲೆ ತಿನ್ನುತ್ತದೆ. ಡಿಸೆಂಬರ್ ರಾತ್ರಿ ಹೊಂದಿಸಿದ ಕರ್ವ್ ಕಲಬುರಗಿಯ ಮೇ ಮಧ್ಯಾಹ್ನಕ್ಕೆ ಸಾಲದು. ಕೋಣೆಯ ಬಿಸಿ ಹೆಚ್ಚಿದಷ್ಟೂ ಚಿಪ್ಪಿನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ.

ನೋಟ್‌ಬುಕ್ ಫ್ಯಾನ್‌ಕಂಟ್ರೋಲ್ ನೇರವಾಗಿ ಲ್ಯಾಪ್‌ಟಾಪಿನ ಒಳನಿಯಂತ್ರಕ ಚಿಪ್ಪಿಗೆ ಬರೆಯುತ್ತದೆ. ಬೇರೆ ಮಾದರಿಯ ಸೆಟ್ಟಿಂಗ್ ಹಾಕಿದರೆ ಸಂಬಂಧವಿಲ್ಲದ ಜಾಗಕ್ಕೆ ಅಂಕಿ ಬೀಳಬಹುದು. ತಂತ್ರಾಂಶ ನಡುವೆ ನಿಂತುಹೋದರೆ ಕೆಲವು ಯಂತ್ರಗಳಲ್ಲಿ ಫ್ಯಾನು ಕೊನೆಯ ವೇಗದಲ್ಲೇ ಸಿಕ್ಕಿಕೊಳ್ಳುತ್ತದೆ. ಪ್ರೊಸೆಸರ್ ತನ್ನನ್ನು ಹೇಗೋ ಕಾಪಾಡಿಕೊಳ್ಳುತ್ತದೆ, ಪಕ್ಕದ ಬ್ಯಾಟರಿ ಬಿಸಿ ತಿನ್ನುತ್ತದೆ.

ವೋಲ್ಟೇಜ್ ಬದಲಿಸುವ ಗುಂಡಿಯೇ ಮಸುಕಾಗಿದ್ದರೆ ಅದಕ್ಕೆ ಕಾರಣ ಬಹುಶಃ 2019ರ ಡಿಸೆಂಬರ್‌ನಲ್ಲಿ ಬಯಲಾದ ಪ್ಲಂಡರ್‌ವೋಲ್ಟ್ ದೋಷ. ವೋಲ್ಟೇಜ್ ಇಳಿಸಿ ಇಂಟೆಲ್ ಚಿಪ್ಪಿನ ಸುರಕ್ಷಿತ ಭಾಗದ ಗುಟ್ಟುಗಳನ್ನು ಕದಿಯಬಹುದೆಂದು ಸಂಶೋಧಕರು ತೋರಿಸಿದ ಮೇಲೆ, ಅನೇಕ ಕಂಪನಿಗಳು ಬಯಾಸ್ ಅಪ್‌ಡೇಟ್‌ನಲ್ಲಿ ಆ ದಾರಿ ಮುಚ್ಚಿದವು. ಹಳೆಯ ಬಯಾಸಿಗೆ ಹಿಂದಿರುಗಿದರೆ ಬೀಗ ತೆರೆಯಬಹುದು, ಆದರೆ ಆ ಸಾಹಸ ನಡುವೆ ಕೆಟ್ಟರೆ ಯಂತ್ರ ಎದ್ದೇಳುವುದೇ ಇಲ್ಲ. ಅದಕ್ಕಿಂತ ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ Maximum processor state ಇದ್ದರೆ ಅದನ್ನು 99% ಮಾಡಿ ನೋಡಿ. ಟರ್ಬೊ ನಿಂತು ಈ ಚಿಪ್ಪು 2.2 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಓಡುತ್ತದೆ. ಭಾರಿ ಗೇಮಿಗೆ ಸಾಲದು. ಆನ್‌ಲೈನ್ ಕ್ಲಾಸು, ಟ್ಯಾಲಿ, ಸಿನಿಮಾಕ್ಕೆ ಧಾರಾಳವಾಯಿತು.