ಮೈಸೂರು ಪಾಕಿನ ಶೀರ್ಷಿಕೆಗೆ ಎಷ್ಟು ಇಮೋಜಿ?

ನಮ್ಮ ಪಕ್ಕದ ಮನೆಯ ಅಕ್ಕ ಯೂಟ್ಯೂಬಿನಲ್ಲಿ ಅಡುಗೆಯ ಚಾನೆಲ್ ನಡೆಸುತ್ತಾರೆ. ಹೋದ ದೀಪಾವಳಿಗೆ ಅವರು ಹಾಕಿದ ಒಂದು ವಿಡಿಯೋದ ಶೀರ್ಷಿಕೆ ಹೀಗಿತ್ತು:

🔥🔥😱 ಬಾಯಲ್ಲಿಟ್ಟರೆ ಕರಗುತ್ತೆ 😍😍 ಒಮ್ಮೆ ಮಾಡಿ ನೋಡಿ 👌👌 ಮೈಸೂರು ಪಾಕ್ 🍮✅

"ಯಾಕೋ ಯಾರೂ ಒತ್ತಿ ನೋಡ್ತಾನೇ ಇಲ್ಲ, ನೀವೇ ಒಂದ್ಸಲ ನೋಡಿ" ಅಂತ ಫೋನ್ ನನ್ನ ಕೈಗೆ ಕೊಟ್ಟರು. ನೋಡಿದೆ. ಶೀರ್ಷಿಕೆ ಎರಡು ಸಾಲಿಗೆ ಮುಗಿದು ಮುಂದೆ ಮೂರು ಚುಕ್ಕಿ ಬಂದಿತ್ತು. ತಿಂಡಿಯ ಹೆಸರು ಆ ಚುಕ್ಕಿಗಳ ಹಿಂದೆ ಉಳಿದುಬಿಟ್ಟಿತ್ತು.

ಯೂಟ್ಯೂಬ್ ಶೀರ್ಷಿಕೆಗೆ ಕೊಡುವುದು 100 ಕ್ಯಾರೆಕ್ಟರ್, ಅಂದರೆ ನೂರು ಚಿಹ್ನೆಗಳ ಜಾಗ. ಕನ್ನಡದಲ್ಲಿ ಈ ನೂರು ಬೇಗ ಖರ್ಚಾಗುತ್ತದೆ. ಕಂಪ್ಯೂಟರ್ ಗುಣಿತಾಕ್ಷರವನ್ನು ಒಂದಾಗಿ ಎಣಿಸುವುದಿಲ್ಲ. 'ಮೈ' ಎಂದರೆ ಅದಕ್ಕೆ 'ಮ' ಒಂದು, ಐತ್ವ ಇನ್ನೊಂದು. 'ಮೈಸೂರು ಪಾಕ್' ನಮ್ಮ ಕಣ್ಣಿಗೆ ಐದು ಅಕ್ಷರ, ಲೆಕ್ಕಕ್ಕೆ ನಡುವಿನ ಖಾಲಿ ಜಾಗವೂ ಸೇರಿ 11. ನೂರು ತುಂಬುವ ಮೊದಲೇ ಫೋನಿನ ಪಟ್ಟಿಯಲ್ಲಿ ಶೀರ್ಷಿಕೆ ತುಂಡಾಗುವುದು ಬೇರೆ. ಹಾಗಾಗಿ ಮುಂದೆ ನಿಂತ ಮೂರು ಇಮೋಜಿ ಹೆಸರನ್ನು ಅಷ್ಟು ದೂರ ಹಿಂದಕ್ಕೆ ತಳ್ಳುತ್ತವೆ.

"ಇಮೋಜಿ ಇದ್ದರೆ ಕಣ್ಣಿಗೆ ಬೀಳುತ್ತಲ್ಲ?" ಎಂದು ಅಕ್ಕ ಕೇಳಿದರು. ನಿಜ, ಬಣ್ಣ ಕಣ್ಣಿಗೆ ಬೀಳುತ್ತದೆ. ಆದರೆ ಬಿದ್ದದ್ದು ಏನಾದರೂ ಹೇಳಬೇಕು. 🔥 ಏನು ಹೇಳುತ್ತದೆ? ಇದೇ ಬೆಂಕಿ ಲಾಟರಿ ಮೆಸೇಜಿನಲ್ಲಿದೆ, ಸಾಲದ ಆ್ಯಪಿನ ಜಾಹೀರಾತಿನಲ್ಲಿದೆ, 'ಹತ್ತು ಜನಕ್ಕೆ ಕಳಿಸಿ' ಎನ್ನುವ ಫಾರ್ವರ್ಡಿನಲ್ಲೂ ಇದೆ. ಅವನ್ನು ಓದದೆ ದಾಟುವುದು ನಮ್ಮ ಕಣ್ಣಿಗೆ ರೂಢಿಯಾಗಿಬಿಟ್ಟಿದೆ. ಅದೇ ಉಡುಪಿನಲ್ಲಿ ಬಂದ ಮೈಸೂರು ಪಾಕನ್ನೂ ಕಣ್ಣು ದಾಟಿಬಿಡುತ್ತದೆ.

ಇಮೋಜಿ ಹುಡುಕಾಟಕ್ಕಾದರೂ ನೆರವಾಗುತ್ತದೆಯೇ ಎಂಬ ಅನುಮಾನ ನಿಮಗೂ ಇರಬಹುದು. ಮೈಸೂರು ಪಾಕ್ ಬೇಕಾದವರು 'ಮೈಸೂರು ಪಾಕ್' ಎಂದೇ ಟೈಪ್ ಮಾಡುತ್ತಾರೆ, ಇಲ್ಲವೇ ಮೈಕ್ ಒತ್ತಿ ಹೇಳುತ್ತಾರೆ. 🍮 ಹಾಕಿ ಹುಡುಕುವವರನ್ನು ನಾನಂತೂ ಕಂಡಿಲ್ಲ. ಅಲ್ಲದೆ ಅದು ಕಸ್ಟರ್ಡಿನ ಚಿತ್ರ. ಮೈಸೂರು ಪಾಕಿಗೆ ಇಮೋಜಿಯೇ ಇಲ್ಲ. ಇಲ್ಲದ್ದಕ್ಕೆ ಹತ್ತಿರದ್ದೊಂದನ್ನು ಅಂಟಿಸುವುದಕ್ಕಿಂತ ಹೆಸರು ಬರೆದು ಸುಮ್ಮನಿರುವುದು ವಾಸಿ.

ಒಂದು ಕಡೆ ಮಾತ್ರ ಶೀರ್ಷಿಕೆಯ ಇಮೋಜಿ ಕೆಲಸ ಮಾಡುತ್ತದೆ. ಅದು ಗುರುತಿನ ಚೀಟಿಯಾದಾಗ. ಅಕ್ಕ ಆ ಹಬ್ಬಕ್ಕೆ ಐದು ಸಿಹಿ ಮಾಡಿದ್ದರು. ಆ ಐದಕ್ಕೂ ಒಂದೇ 🪔, ಬೇರೆ ವಿಡಿಯೋಗಳಿಗೆ ಏನೂ ಇಲ್ಲ. ಈಗ ಉದ್ದನೆಯ ಪಟ್ಟಿಯನ್ನು ಬೆರಳಲ್ಲಿ ಜಾರಿಸಿದರೂ ದೀಪಾವಳಿಯ ಐದು ತಟ್ಟನೆ ಸಿಗುತ್ತವೆ. ಹೊಸ ಶೀರ್ಷಿಕೆ ಹೀಗಾಯಿತು:

ಮೈಸೂರು ಪಾಕ್ | ಒಂದೆಳೆ ಪಾಕ ಹಿಡಿಯುವ ಬಗೆ 🪔 ದೀಪಾವಳಿ

ದೀಪದ ಪಕ್ಕ 'ದೀಪಾವಳಿ' ಎಂದು ಮತ್ತೆ ಬರೆದದ್ದಕ್ಕೆ ಕಾರಣವಿದೆ. ಇಮೋಜಿ ಎಂದರೆ ನಾವು ಕಳಿಸುವ ಚಿತ್ರವಲ್ಲ. ಹೋಗುವುದು ಒಂದು ಸಂಕೇತಸಂಖ್ಯೆ, ಅಷ್ಟೆ. ಚಿತ್ರ ಬರೆಯುವುದು ನೋಡುವವರ ಫೋನು. ಹಾಗಾಗಿ ಸ್ಯಾಮ್ಸಂಗಿನಲ್ಲಿ ಒಂದು ಬಗೆ, ಐಫೋನಿನಲ್ಲಿ ಇನ್ನೊಂದು ಬಗೆ. ಹಣತೆಯ ಇಮೋಜಿ ಬಂದದ್ದು 2019ರಲ್ಲಿ. ಅದಕ್ಕೂ ಹಳೆಯ ಫೋನಿನಲ್ಲಿ ದೀಪದ ಬದಲು ಖಾಲಿ ಚೌಕ ಕಾಣಬಹುದು. ಪದ ಪಕ್ಕದಲ್ಲೇ ಇದ್ದರೆ ಚೌಕ ಬಂದರೂ ಅರ್ಥ ಕೆಡುವುದಿಲ್ಲ. ಪದದ ಜಾಗದಲ್ಲಿ ಇಮೋಜಿ ಬೇಡ, ಪದದ ಜೊತೆಗೆ ಇರಲಿ.

ಇನ್ನು ವಿವರಣೆ, ಅಂದರೆ ವಿಡಿಯೋದ ಕೆಳಗಿನ ಡಿಸ್ಕ್ರಿಪ್ಷನ್. ಅಲ್ಲಿ 5000 ಚಿಹ್ನೆಗಳ ಜಾಗವಿದೆ. ಇಮೋಜಿಗೆ ನಿಜವಾದ ಕೆಲಸ ಇರುವುದು ಇಲ್ಲಿಯೇ. ಒಲೆಯ ಮುಂದೆ ನಿಂತು, ಹಿಟ್ಟು ಮೆತ್ತಿದ ಬೆರಳಲ್ಲಿ ಫೋನ್ ಜಾರಿಸುವವರಿಗೆ ಅಳತೆ ಎಲ್ಲಿದೆ ಎಂದು ಕೂಡಲೇ ಸಿಗಬೇಕು. ಅಕ್ಕ ಪ್ರತಿ ಸಾಲಿಗೂ ✅ ಹಾಕಿದ್ದರು. ಎಲ್ಲದಕ್ಕೂ ಗುರುತು ಹಾಕಿದರೆ ಯಾವುದಕ್ಕೂ ಹಾಕದಂತೆಯೇ ಆಗುತ್ತದೆ. ವಿಷಯ ಬದಲಾಗುವ ಕಡೆ ಮಾತ್ರ ಒಂದೊಂದು ಉಳಿಸಿದೆವು:

```
ಕಲ್ಲಾಗದ ಮೈಸೂರು ಪಾಕ್: ಪಾಕ, ತುಪ್ಪ, ಉರಿಯ ಹದ.

🥣 ಬೇಕಾದದ್ದು
ಕಡಲೆಹಿಟ್ಟು 1 ಕಪ್
ಸಕ್ಕರೆ 2 ಕಪ್
ತುಪ್ಪ 2 ಕಪ್
ನೀರು ಅರ್ಧ ಕಪ್

⏰ ಯಾವುದು ಎಲ್ಲಿ
0:00 ಹಿಟ್ಟು ಹುರಿಯುವುದು
2:10 ಒಂದೆಳೆ ಪಾಕ
5:40 ತುಪ್ಪ ಸೇರಿಸುವುದು
9:15 ತಟ್ಟೆಗೆ ಸುರಿಯುವುದು

⚠️ ಪಾಕ ಎರಡೆಳೆಗೆ ಹೋದರೆ ಗಟ್ಟಿಯಾಗುತ್ತದೆ
```

ಮೊದಲ ಸಾಲಿನಲ್ಲಿ ಇಮೋಜಿ ಇಲ್ಲ ನೋಡಿ. ವಿವರಣೆಯನ್ನು ಬಿಡಿಸುವ ಮೊದಲು ಕಾಣುವುದು ಆರಂಭದ ತುಣುಕು ಮಾತ್ರ, ಅಲ್ಲಿ ಮಾತೇ ಇರಬೇಕು. ಸಮಯದ ಸಾಲುಗಳನ್ನೂ ಬರಿದಾಗಿ ಬಿಟ್ಟಿದ್ದೇವೆ. 0:00ಯಿಂದ ಶುರುಮಾಡಿ, ಏರಿಕೆಯ ಕ್ರಮದಲ್ಲಿ ಕನಿಷ್ಠ ಮೂರು ಸಮಯ ಕೊಟ್ಟು, ಒಂದೊಂದು ತುಣುಕೂ 10 ಸೆಕೆಂಡಿಗೆ ಕಡಿಮೆಯಿಲ್ಲದಿದ್ದರೆ ಯೂಟ್ಯೂಬ್ ಅವನ್ನು ಅಧ್ಯಾಯಗಳಾಗಿ ಮಾಡಿಕೊಳ್ಳುತ್ತದೆ. ಆ ಸಾಲಿನಲ್ಲಿ ಬರೆದದ್ದೇ ಅಧ್ಯಾಯದ ಹೆಸರು. ಇಮೋಜಿ ಹಾಕಿದರೆ ಅದೂ ಹೆಸರಿಗೆ ಅಂಟಿಕೊಳ್ಳುತ್ತದೆ.

ಹೆಚ್ಚಾಯಿತೇ ಎಂದು ತಿಳಿಯಲು ನಾನು ಕಿವಿಯನ್ನು ನಂಬುತ್ತೇನೆ. ಆಂಡ್ರಾಯ್ಡ್ ಫೋನಿನ Settings, ಅದರೊಳಗೆ Accessibility, ಅಲ್ಲಿ TalkBack. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ಸೌಲಭ್ಯ ಇದು. ಆನ್ ಮಾಡಿ ನಿಮ್ಮ ಶೀರ್ಷಿಕೆಯನ್ನು ಮುಟ್ಟಿ. ಅದು ಇಮೋಜಿಯ ಹೆಸರನ್ನೂ ಓದುತ್ತದೆ. ಅಕ್ಕನ ಹಳೆಯ ಶೀರ್ಷಿಕೆಯನ್ನು ಓದಿಸಿದಾಗ ಬೆಂಕಿಯಿಂದ ಹಿಡಿದು ಒಂದೊಂದೇ ಚಿತ್ರದ ಹೆಸರು ಹೇಳುತ್ತಾ ಹೋಯಿತು, ತಿಂಡಿಯ ಹೆಸರು ಬರುವಷ್ಟರಲ್ಲಿ ಅಕ್ಕನಿಗೇ ನಗು ಬಂತು. ಒಂದು ಎಚ್ಚರಿಕೆ: ಇದು ಆನ್ ಇರುವಾಗ ಒಂದು ಸಲ ಮುಟ್ಟಿದರೆ ಓದುತ್ತದೆ, ಎರಡು ಸಲ ಬೇಗ ಬಡಿದರೆ ಮಾತ್ರ ಒತ್ತಿದಂತೆ. ಆಫ್ ಮಾಡುವಾಗಲೂ ಹಾಗೆಯೇ. ಗೊತ್ತಿಲ್ಲದೆ ಗಾಬರಿಯಾಗಬೇಡಿ.

ಇಷ್ಟಕ್ಕೆ ಖರ್ಚೇನೂ ಇಲ್ಲ. ಫೋನಿನ ಕೀಬೋರ್ಡಿನಲ್ಲೇ ಇಮೋಜಿ ಇರುತ್ತವೆ. ವಿಂಡೋಸ್ ಕಂಪ್ಯೂಟರಿನಲ್ಲಿ ವಿಂಡೋಸ್ ಕೀ ಹಿಡಿದು ಚುಕ್ಕಿ ಒತ್ತಿದರೆ ಪಟ್ಟಿ ತೆರೆಯುತ್ತದೆ. ಒಂದು ಇಮೋಜಿ ಯಾವ ವರ್ಷದ್ದು, ಬೇರೆ ಫೋನಿನಲ್ಲಿ ಹೇಗೆ ಕಾಣುತ್ತದೆ ಎಂದು emojipedia.org ನಲ್ಲಿ ನೋಡಬಹುದು. ಹಳೆಯ ವಿಡಿಯೋ ತಿದ್ದಲು YouTube Studio ಆ್ಯಪ್ ತೆರೆದು, ವಿಡಿಯೋ ಆರಿಸಿ, ಪೆನ್ಸಿಲ್ ಗುರುತು ಒತ್ತಿ, ಬರೆದು ಸೇವ್ ಮಾಡಿದರಾಯಿತು.

ಈ ಲೆಕ್ಕ ಯೂಟ್ಯೂಬಿಗೆ. ಇದೇ ಅಡುಗೆಯನ್ನು ಮುಂದೆ ಆ್ಯಪ್ ಮಾಡುವ ಆಸೆಯಿದ್ದರೆ, ಗೂಗಲ್ ಪ್ಲೇ ಅಂಗಡಿಯಲ್ಲಿ ಆ್ಯಪಿನ ಹೆಸರಿಗೆ ಇಮೋಜಿ ಹಾಕುವಂತೆಯೇ ಇಲ್ಲ. 2021ರಲ್ಲಿ ಅದು ಹಾಗೆಂದು ನಿಯಮ ತಂದಿದೆ.

ತಿದ್ದಿದ ಮೇಲೆ ಫಲ ಸಿಕ್ಕಿತೇ? ಸ್ಟುಡಿಯೋದ Analytics ಒಳಗೆ Impressions click-through rate ಎಂಬ ಅಂಕಿ ಇದೆ. ವಿಡಿಯೋದ ಚಿತ್ರ ಕಣ್ಣಿಗೆ ಬಿದ್ದ ನೂರು ಸಲದಲ್ಲಿ ಎಷ್ಟು ಸಲ ಒತ್ತಿ ನೋಡಿದರು ಎಂಬ ಲೆಕ್ಕ ಅದು. ಬದಲಾಯಿಸಿದ ದಿನಾಂಕ ಬರೆದಿಟ್ಟುಕೊಂಡು ಹಿಂದಿನ, ಮುಂದಿನ ವಾರಗಳನ್ನು ಹೋಲಿಸಿ. ಆದರೆ ಹಬ್ಬದ ವಾರವನ್ನು ಹಬ್ಬ ಕಳೆದ ವಾರಕ್ಕೆ ಹೋಲಿಸಬೇಡಿ. ಥಂಬ್‌ನೇಲ್, ಅಂದರೆ ಮುಖಚಿತ್ರವನ್ನೂ ಅದೇ ದಿನ ಬದಲಿಸಬೇಡಿ. ಅಕ್ಕ ಎರಡನ್ನೂ ಒಟ್ಟಿಗೆ ಬದಲಿಸಿಬಿಟ್ಟಿದ್ದರು. ಅಂಕಿ ಏರಿತು, ಆದರೆ ಶೀರ್ಷಿಕೆಯಿಂದಲೋ ತುಪ್ಪ ಸುರಿಯುವ ಹೊಸ ಫೋಟೋದಿಂದಲೋ ಎಂದು ಹೇಳಲು ನಮ್ಮಿಬ್ಬರಿಗೂ ಆಗಲಿಲ್ಲ.